ದೊಡ್ಡಪ್ಪನ ತಾರಸಿಯಿಂದ ಅರಮನೆ ಗೋಪುರ: ಒಂದು ತ್ರೀಡಿ ನಕ್ಷೆ ಮಾಡಿದ ಕಥೆ

ಮೈಸೂರಿನ ಅಗ್ರಹಾರದಲ್ಲಿ ನಮ್ಮ ದೊಡ್ಡಪ್ಪನ ಮನೆ. ಕೆಳಗೊಂದು, ಮೇಲೊಂದು, ಅದರ ಮೇಲೆ ತಾರಸಿ. ಸಂಜೆ ತಾರಸಿಗೆ ಹೋದರೆ ಈಶಾನ್ಯಕ್ಕೆ ಅರಮನೆಯ ದೊಡ್ಡ ಗೋಪುರದ ತುದಿ ಕಾಣುತ್ತದೆ. ಭಾನುವಾರ, ದಸರಾ ದಿನಗಳಲ್ಲಿ ದೀಪ ಹಾಕಿದಾಗ ಮನೆಮಂದಿಯೆಲ್ಲ ಮೇಲೆ. ಕಾಫಿ ಫ್ಲಾಸ್ಕೂ ಮೇಲೆ.

ಎದುರಿಗೆ, ಹಿತ್ತಲ ಗೋಡೆಯಾಚೆ, ಒಂದು ಖಾಲಿ ಸೈಟು ಇತ್ತು. ಅದನ್ನು ಕೊಂಡವರು ಮನೆ ಕಟ್ಟಿಸುತ್ತೇವೆ ಎಂದು ಹೇಳಿ ಹೋದರು. ಆ ರಾತ್ರಿಯೇ ದೊಡ್ಡಪ್ಪನ ಫೋನು.

"ನೀನು ಕಂಪ್ಯೂಟರಲ್ಲಿ ನಕ್ಷೆ ಮಾಡ್ತೀಯಲ್ಲ, ಎದುರುಗಡೆ ಎರಡು ಮಹಡಿ ಬಂದ್ರೆ ಗೋಪುರ ಕಾಣುತ್ತೋ ಇಲ್ವೋ ಹೇಳಪ್ಪ."

ನಾನು ಜಿಐಎಸ್, ಅಂದರೆ ಕಂಪ್ಯೂಟರ್ ನಕ್ಷೆಗಳ ಕೆಲಸದವನು. ಊರಿನ ತ್ರೀಡಿ ನೋಟ ಮಾಡುವುದು ನಮಗೆ ಅರ್ಧ ದಿನದ ಕೆಲಸ. "ನಾಳೆ ಹೇಳ್ತೀನಿ ದೊಡ್ಡಪ್ಪ" ಎಂದುಬಿಟ್ಟೆ. ಸರಿಯಾದ ಉತ್ತರ ಕೊಡಲು ಮೂರು ವಾರ ಹಿಡಿಯಿತು.

ಶಾವಿಗೆ ಒರಳಿನ ಲೆಕ್ಕ

ಈ ವಿಧಾನ ತುಂಬ ಸರಳ. ನಕ್ಷೆಯಲ್ಲಿ ಪ್ರತಿ ಕಟ್ಟಡಕ್ಕೂ ನೆಲದ ಮೇಲಿನ ಹೊರಗೆರೆ ಇರುತ್ತದೆ. ಇದನ್ನು ಫುಟ್‌ಪ್ರಿಂಟ್ ಎನ್ನುತ್ತೇವೆ. ಅದಕ್ಕೊಂದು ಎತ್ತರದ ಅಂಕಿ ಕೊಟ್ಟರೆ ಸಾಫ್ಟ್‌ವೇರ್ ಆ ಹೊರಗೆರೆಯನ್ನು ಅಷ್ಟು ಮೀಟರ್ ಮೇಲಕ್ಕೆ ಎಳೆಯುತ್ತದೆ. ಇದೇ ಎಕ್ಸ್‌ಟ್ರೂಡ್ ಮಾಡುವುದು. ಶಾವಿಗೆ ಒರಳು ಒತ್ತಿದ ಹಾಗೆ: ಬಿಲ್ಲೆಯ ತೂತು ಯಾವ ಆಕಾರವೋ, ಎಳೆ ಮೊದಲಿಂದ ಕೊನೆವರೆಗೆ ಅದೇ ಆಕಾರ. ಬುಡ ಹೇಗೋ ತುದಿಯೂ ಹಾಗೆ. ಇಳಿಜಾರು ಹೆಂಚು, ಕಮಾನು, ಗುಮ್ಮಟ ಯಾವುದೂ ಇಲ್ಲ.

ನಾನು ಬಳಸಿದ್ದು ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್, ದತ್ತಾಂಶ ಜನರೇ ಸೇರಿ ಬಿಡಿಸುವ ಓಪನ್‌ಸ್ಟ್ರೀಟ್‌ಮ್ಯಾಪಿನದು. ಮನೆಯಿಂದ ಅರಮನೆವರೆಗಿನ ಕಟ್ಟಡಗಳ ಹೊರಗೆರೆಗಳನ್ನು `QuickOSM` ಪ್ಲಗಿನ್ನಿನಿಂದ ಇಳಿಸಿಕೊಂಡೆ. ಅದು ಬರುವುದು ಅಕ್ಷಾಂಶ–ರೇಖಾಂಶದ ಡಿಗ್ರಿಗಳಲ್ಲಿ. ಹಾಗೇ ತ್ರೀಡಿ ಮಾಡಲು ಹೋದರೆ ಅಡ್ಡಕ್ಕೆ ಡಿಗ್ರಿ, ಎತ್ತರಕ್ಕೆ ಮೀಟರ್ ಆಗಿ ಎಲ್ಲ ಹದಗೆಡುತ್ತದೆ. ಒಂದು ಡಿಗ್ರಿ ಎಂದರೆ ಇಲ್ಲಿ ಸುಮಾರು 110 ಕಿಲೋಮೀಟರ್. ಡಿಗ್ರಿಯ ಅಳತೆಯಲ್ಲಿ ಹತ್ತು ಮೀಟರ್ ಮನೆ ಆಕಾಶ ಮುಟ್ಟುವ ಸೂಜಿಯಂತೆ ಆಗುತ್ತದೆ. ಜಾಗವನ್ನು ಮೀಟರಿನಲ್ಲಿ ಗುರುತಿಸುವ ಯುಟಿಎಂ ಪದ್ಧತಿಯಲ್ಲಿ ಮೈಸೂರು 43ನೇ ವಲಯದಲ್ಲಿದೆ. ಅದಕ್ಕೇ ಲೇಯರ್ ಮತ್ತು ಪ್ರಾಜೆಕ್ಟ್ ಎರಡನ್ನೂ ಆ ವಲಯದ ಸಂಕೇತವಾದ `EPSG:32643`ಕ್ಕೆ ಬದಲಿಸಿದೆ. ಈಗ ಅಡ್ಡಕ್ಕೂ ಮೀಟರ್, ಎತ್ತರಕ್ಕೂ ಮೀಟರ್.

ಇನ್ನು ಎತ್ತರ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ `height` ಎಂಬ ಗುರುತಿನಲ್ಲಿ ಮೀಟರ್ ಬರೆಯಬಹುದು, `building:levels` ಎಂಬುದರಲ್ಲಿ ಅಂತಸ್ತು ಎಣಿಸಬಹುದು. ನಾನು ಇಳಿಸಿಕೊಂಡ ತುಂಡಿನಲ್ಲಿ ಎರಡೂ ಬಹುಪಾಲು ಖಾಲಿ. ಅಂಕಿ ಇಲ್ಲದ ಮನೆ ನೆಲಕ್ಕೆ ಅಂಟಿದ ಚಾಪೆಯಂತೆ ಕೂರುತ್ತದೆ. ಅಂಥವಕ್ಕೆಲ್ಲ ಸುಮ್ನೆ ಎರಡು ಅಂತಸ್ತು ಕೊಟ್ಟು, ಅಂತಸ್ತಿಗೆ 3 ಮೀಟರಿನ ಹಾಗೆ ಎತ್ತಿದೆ. ನೋಡಲು ಊರಿನ ಹಾಗೇ ಇತ್ತು. ಇಲ್ಲೇ ಮೋಸ ಹೋಗುವುದು. ತ್ರೀಡಿ ಚಿತ್ರ ಚೆನ್ನಾಗಿ ಕಂಡರೆ ಅಂಕಿಯೂ ಸರಿಯಿದೆ ಅನ್ನಿಸಿಬಿಡುತ್ತದೆ.

ಅರಮನೆ ಅಪಾರ್ಟ್‌ಮೆಂಟ್ ಆಯಿತು

ಅರಮನೆಯ ಗೋಪುರ 145 ಅಡಿ, ಅಂದರೆ 44 ಮೀಟರ್. ಅದನ್ನು ಅರಮನೆಯ ಹೊರಗೆರೆಗೆ ಕೊಟ್ಟೆ. ಒರಳು ತನ್ನ ಕೆಲಸ ಮಾಡಿತು. 245 ಅಡಿ ಉದ್ದ, 156 ಅಡಿ ಅಗಲದ ಇಡೀ ಕಟ್ಟಡ 44 ಮೀಟರ್ ಎದ್ದು ನಿಂತಿತು. ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ ಅರಮನೆ ಹೋಗಿ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಬಂದಿತ್ತು. ದೊಡ್ಡಪ್ಪನ ತಾರಸಿಯಿಂದ ನೋಡಿದರೆ ದಿಗಂತದಲ್ಲಿ ಒಂದು ಗೋಡೆ!

ಒಂದು ಹೊರಗೆರೆಗೆ ಒಂದೇ ಎತ್ತರ ಕೊಡುವ ಕಡೆಯೆಲ್ಲ ಇದೇ ಗತಿ. ಕೊಟ್ಟದ್ದು ಅತಿ ಎತ್ತರದ ತುದಿಯ ಅಂಕಿ, ಎದ್ದದ್ದು ಇಡೀ ಮೈ. ಸಂತ ಫಿಲೋಮಿನಾ ಚರ್ಚಿಗೆ ಅದರ ಅವಳಿ ಶಿಖರಗಳ ಎತ್ತರ ಕೊಟ್ಟರೂ ಹೀಗೇ ಆಗುತ್ತದೆ. ದಾರಿ ಒಂದೇ, ಹೊರಗೆರೆಯನ್ನು ಕತ್ತರಿಸಬೇಕು. ಗೋಪುರದ ಬುಡವನ್ನು ಬೇರೆ ತುಂಡಾಗಿ ಬಿಡಿಸಿ ಅದಕ್ಕೆ 44 ಕೊಟ್ಟೆ. ಉಳಿದ ಮೈಗೆ ಫೋಟೋ ನೋಡಿ ಗೋಪುರದ ಅರ್ಧದಷ್ಟು ಅಂದಾಜು ಮಾಡಿದೆ. ಗುಮ್ಮಟ ದುಂಡಗಾಗಲಿಲ್ಲ, ಚೌಕದ ಕಂಬವಾಯಿತು. ನಮ್ಮ ಪ್ರಶ್ನೆಗೆ ಅಷ್ಟು ಸಾಕಿತ್ತು.

"ಎರಡು ಮಹಡಿ" ಅಂದರೆ ಎಷ್ಟು?

ಎದುರು ಸೈಟಿನಲ್ಲಿ ಬರುವ ಮನೆಯ ಹೊರಗೆರೆ ಬರೆದೆ. ದೊಡ್ಡಪ್ಪ ಎರಡು ಮಹಡಿ ಅಂದಿದ್ದರಲ್ಲ, ಅಂತಸ್ತಿನ ಕಾಲಮ್ಮಿನಲ್ಲಿ 2 ಎಂದು ಹಾಕಿದೆ. ಎತ್ತರ 6 ಮೀಟರ್. ತಾರಸಿಯ ನೆಲವೇ 6.9 ಮೀಟರಿನಲ್ಲಿದೆ, ನಿಂತವರ ಕಣ್ಣು ಅದಕ್ಕಿಂತ 1.6 ಮೀಟರ್ ಮೇಲೆ, ಒಟ್ಟು 8.5. ಹೊಸ ಮನೆ ಕಣ್ಣಿಗಿಂತ ಕೆಳಗೇ ಉಳಿಯಿತು. "ಏನೂ ಯೋಚನೆ ಮಾಡ್ಬೇಡಿ, ಪೂರ್ತಿ ಕಾಣುತ್ತೆ" ಎಂದು ಫೋನ್ ಮಾಡಿ ಹೇಳಿದೆ. ದೊಡ್ಡಮ್ಮ ಪಕ್ಕದಿಂದ ಕೇಳಿದರು: "ಅವ್ರು ಕೆಳಗಡೆ ಬಾಡಿಗೆಗೆ, ಮೇಲೆರಡು ತಮಗೆ ಅಂದ್ರಲ್ಲ. ಕೆಳಗಿನದ್ದನ್ನೂ ಲೆಕ್ಕ ಹಾಕಿದ್ಯಾ?"

ಹಾಕಿರಲಿಲ್ಲ. ನಮ್ಮ ಮಾತಿನಲ್ಲಿ ಮಹಡಿ ಎಂದರೆ ಮೇಲಿನದ್ದು. ನೆಲದ ಮನೆ ಲೆಕ್ಕಕ್ಕಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪಿನ `building:levels` ನೆಲದ ಅಂತಸ್ತನ್ನೂ ಸೇರಿಸಿ ಎಣಿಸುತ್ತದೆ. ಅಲ್ಲಿಗೆ ಎರಡು ಮಹಡಿ ಎಂದರೆ 3. ಬೀದಿಯಲ್ಲಿ ಜನರನ್ನು ಕೇಳಿ ಅಂತಸ್ತು ಬರೆದುಕೊಳ್ಳುವವರು ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಅರ್ಧ ಊರು ಒಂದು ಅಂತಸ್ತು ಕುಸಿದಿರುತ್ತದೆ. "ನೆಲದ್ದೂ ಸೇರಿ ಒಟ್ಟು ಎಷ್ಟು ಮನೆ ಒಂದರ ಮೇಲೊಂದು?" ಎಂದು ಕೇಳುವುದೇ ವಾಸಿ.

3 ಅಂತಸ್ತು, 9 ಮೀಟರ್. ಮತ್ತೆ ಎತ್ತಿ ನೋಡಿದೆ. ಆಗಲೂ ಗೋಪುರ ಕಾಣುತ್ತಿತ್ತು. ಆದರೆ ಈ ಸಲ ಫೋನ್ ಮಾಡಲಿಲ್ಲ.

ಫೋಟೋ ಹೇಳಿದ ಸುಳ್ಳು–ನಿಜ

ಮುಂದೆ ಬರುವ ಮನೆಯನ್ನು ನಂಬುವ ಮೊದಲು ಈಗಿರುವ ನೋಟವಾದರೂ ಸರಿ ಬರುತ್ತದೆಯೇ ನೋಡೋಣ ಅನ್ನಿಸಿತು. ಶನಿವಾರ ಹೋಗಿ ತಾರಸಿಯ ನಡುಮಧ್ಯೆ ನಿಂತು ಒಂದು ಫೋಟೋ ತೆಗೆದೆ. ಮಾಡೆಲ್ಲಿನಲ್ಲಿ ಹೊಸ ಮನೆ ಅಳಿಸಿ, ಕ್ಯಾಮೆರಾವನ್ನು ಅದೇ ಜಾಗದಲ್ಲಿ 8.5 ಮೀಟರಿಗೆ ನಿಲ್ಲಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟೆ.

ಎರಡು ಕಡೆ ಹೊಂದಲಿಲ್ಲ. ಒಂದು, ಫೋಟೋದಲ್ಲಿ ಎಡಗಡೆ ತೆಂಗಿನ ಮರವಿತ್ತು. ಮಾಡೆಲ್ಲಿನಲ್ಲಿ ಮರವೇ ಇಲ್ಲ. ಫುಟ್‌ಪ್ರಿಂಟಿನಿಂದ ಮಾಡಿದ ಊರಲ್ಲಿ ಮರ ಇರುವುದಿಲ್ಲ ತಾನೇ. ಅದು ಹೋಗಲಿ, ಗೋಪುರಕ್ಕೆ ಅಡ್ಡ ಇರಲಿಲ್ಲ.

ಎರಡನೆಯದೇ ಮುಖ್ಯ. ಮಾಡೆಲ್ಲಿನಲ್ಲಿ ಗೋಪುರ ಬುಡದಿಂದ 15 ಮೀಟರಿಗಿಂತ ಮೇಲೆ ಪೂರ್ತಿ ಕಾಣುತ್ತಿತ್ತು. ಫೋಟೋದಲ್ಲಿ ಗುಮ್ಮಟ ಮತ್ತು ಅದರ ಕೆಳಗೆ ಸ್ವಲ್ಪ, ಅಷ್ಟೇ. ಕೆಳಭಾಗವನ್ನು ಮುಚ್ಚಿದ್ದು ಸುಮಾರು 60 ಮೀಟರ್ ದೂರದ ಒಂದು ಮನೆ. ಅದೂ ಮೂರು ಅಂತಸ್ತಿನದು, ಮಾಡೆಲ್ಲಿನಲ್ಲಿ 9 ಮೀಟರ್. ಮನೆಯವರು ಪರಿಚಯದವರೇ. ಮೇಲೆ ಹೋಗಿ ತಾರಸಿ ಗೋಡೆಯಿಂದ ಟೇಪು ಇಳಿಬಿಟ್ಟೆ. 10 ಮೀಟರ್. ತಾರಸಿಯ ನೆಲದವರೆಗೆ 9 ಸರಿಯಾಗೇ ಇತ್ತು. ನಾನು ಬಿಟ್ಟದ್ದು ಒಂದು ಮೀಟರಿನ ಪ್ಯಾರಾಪೆಟ್ ಗೋಡೆ.

ಒಂದೇ ಒಂದು ಮೀಟರ್, ಅದಕ್ಕೆ ಇಷ್ಟು ವ್ಯತ್ಯಾಸವೇ? ಲೆಕ್ಕ ಹಾಕಿದರೆ ಹೌದು. ತಾರಸಿಯಿಂದ ಅರಮನೆ ನೇರ ಗೆರೆಯಲ್ಲಿ ಸುಮಾರು 800 ಮೀಟರ್. 60 ಮೀಟರಿನಲ್ಲಿ ಒಂದು ಮೀಟರ್ ತಡೆ ಏರಿದರೆ 800 ಮೀಟರ್ ದೂರದಲ್ಲಿ 13 ಮೀಟರ್ ಮರೆಯಾಗುತ್ತದೆ. 10 ಮೀಟರ್ ಹಾಕಿ ನೋಡಿದಾಗ ಗೋಪುರದ 28.5 ಮೀಟರಿಗಿಂತ ಮೇಲಿನದ್ದು ಮಾತ್ರ ಉಳಿಯಿತು. ಅಂದರೆ ತುದಿಯ 15 ಮೀಟರ್ ಚಿಲ್ಲರೆ. ಈಗ ಫೋಟೋಕ್ಕೂ ಮಾಡೆಲ್ಲಿಗೂ ತಾಳೆ ಬಿತ್ತು.

ಊರಿನ ಒಟ್ಟು ನೋಟ ತೋರಿಸಲು ಅಂತಸ್ತಿಗೆ 3 ಮೀಟರ್ ಎಂಬ ಅಂದಾಜು ಏನೂ ತೊಂದರೆ ಮಾಡುವುದಿಲ್ಲ. ಮೇಲಿಂದ ನೋಡುವವರಿಗೆ 9ಕ್ಕೂ 10ಕ್ಕೂ ವ್ಯತ್ಯಾಸ ಗೊತ್ತಾಗದು. ಒಂದು ಕಣ್ಣಿನಿಂದ ಒಂದು ಗುರಿಯತ್ತ ನೋಡುವಾಗ ಅದೇ ಅಂದಾಜು ಕೈಕೊಡುತ್ತದೆ.

ಮೆಟ್ಟಿಲು ಎಣಿಸಿದ್ದು

ಹೊಸ ಮನೆಯನ್ನು ಅಳೆಯಲು ಅದಿನ್ನೂ ಕಟ್ಟಿಲ್ಲ. ಆದರೆ ಕಟ್ಟುವ ಮೇಸ್ತ್ರಿ ಹಿಂದಿನ ಬೀದಿಯಲ್ಲಿ ಅದೇ ಥರದ ಮನೆ ಮುಗಿಸಿದ್ದರು. ಅಲ್ಲಿಗೆ ಹೋದೆ. ಟೇಪು ಇಳಿಬಿಡಲು ಜಾಗವಿರಲಿಲ್ಲ, ಮೆಟ್ಟಿಲು ಎಣಿಸಿದೆ. ಇದು ಒಳ್ಳೆಯ ಉಪಾಯ. ಒಂದು ಅಂತಸ್ತಿನಿಂದ ಇನ್ನೊಂದಕ್ಕೆ 20 ಮೆಟ್ಟಿಲು. ಸ್ಕೇಲು ಇಟ್ಟು ನೋಡಿದರೆ ಒಂದೊಂದು ಮೆಟ್ಟಿಲ ಎತ್ತರ 15.5 ಸೆಂಟಿಮೀಟರ್. ಗುಣಿಸಿದರೆ 3.1 ಮೀಟರ್, ಸ್ಲ್ಯಾಬಿನ ದಪ್ಪವೂ ಇದರಲ್ಲೇ ಬಂತು. ಬೀದಿಯಿಂದ ಬಾಗಿಲಿಗೆ 15 ಸೆಂಟಿಮೀಟರಿನ ನಾಲ್ಕು ಮೆಟ್ಟಿಲು, ಅಂದರೆ ಪಾಯದ ಮೇಲಿನ ಪ್ಲಿಂತ್ 60 ಸೆಂಟಿಮೀಟರ್. ಪ್ಯಾರಾಪೆಟ್ಟು ಒಂದು ಮೀಟರ್.

ಅಲ್ಲಿಂದ ಎತ್ತರದ ಸೂತ್ರವನ್ನೇ ಬದಲಿಸಿದೆ. ಅಳೆದ ಎತ್ತರ ಇದ್ದರೆ ಅದು, ಇಲ್ಲದಿದ್ದರೆ ಪ್ಲಿಂತ್, ಅಂತಸ್ತು, ಪ್ಯಾರಾಪೆಟ್ಟು ಮೂರೂ ಸೇರಿಸಿ:

```
coalesce("height_m", 0.6 + "levels" * 3.1 + 1.0)
```

ಇದನ್ನು ಲೇಯರಿನ 3D View ಸೆಟ್ಟಿಂಗಿನಲ್ಲಿ Extrusion ಪಕ್ಕದ ಬಟನ್ನಿನಲ್ಲಿ ಬರೆದರೆ ಪ್ರತಿ ಮನೆಗೂ ಅದರದರ ಎತ್ತರ ಸಿಗುತ್ತದೆ. ಹೆಂಚಿನ ಮನೆಗಳಿಗೆ ಮಾತ್ರ ಇದು ಒಗ್ಗುವುದಿಲ್ಲ. ಅವಕ್ಕೆ ಕೈಯಾರೆ ತುದಿಯ ಎತ್ತರ ಬರೆದೆ.

ಹೊಸ ಮನೆ 0.6 + 9.3 + 1.0, ಒಟ್ಟು 10.9 ಮೀಟರ್. ಸೈಟಿನಲ್ಲಿ ಅದು ಏಳುವ ಜಾಗ ತಾರಸಿಯಿಂದ 25 ಮೀಟರ್. ಕಣ್ಣಿನಿಂದ ಗೋಪುರದ ತುದಿಗೆ ಎಳೆದ ಗೆರೆ ಆ ಜಾಗದಲ್ಲಿ ಎಷ್ಟು ಎತ್ತರದಲ್ಲಿದೆ ಅಂತ ನೋಡೋಣ. 44ರಿಂದ 8.5 ಕಳೆದರೆ 35.5. ಅದನ್ನು 800ರಿಂದ ಭಾಗಿಸಿ 25ರಿಂದ ಗುಣಿಸಿದರೆ 1.1. ಕಣ್ಣಿನ 8.5ಕ್ಕೆ ಸೇರಿಸಿದರೆ 9.6 ಮೀಟರ್. ಇದಕ್ಕಿಂತ ಎತ್ತರದ್ದು ಏನೇ ಬಂದರೂ ಕಳಶವೂ ಕಾಣದು. ಪ್ಯಾರಾಪೆಟ್ಟೇ ಇಲ್ಲದಿದ್ದರೂ ತಾರಸಿಯ ನೆಲ 9.9. ಆಗಲೇ ಮುಗಿಯಿತು.

6 ಮೀಟರಿಗೆ "ಕಾಣುತ್ತೆ", 9 ಮೀಟರಿಗೆ "ಕಾಣುತ್ತೆ", 10.9ಕ್ಕೆ "ಇಲ್ಲ". ಪ್ರಶ್ನೆ ಅದೇ, ಮಾಡೆಲ್ ಅದೇ, ಒಂದು ಕಾಲಮ್ಮಿನ ಅಂಕಿ ಮಾತ್ರ ಬೇರೆ.

ದೂರದ ತಪ್ಪು, ಹತ್ತಿರದ ತಪ್ಪು

ಆಫೀಸಿನಲ್ಲಿ ಒಬ್ಬರು ಕೇಳಿದರು: "ನೆಲದ ಏರಿಳಿತ ಹಾಕಿಲ್ವಲ್ಲ, ಉತ್ತರ ಹೇಗೆ ನಂಬ್ತೀಯಾ?" ನ್ಯಾಯವಾದ ಪ್ರಶ್ನೆ. ಪ್ರತಿ 30 ಮೀಟರಿಗೊಂದರಂತೆ ನೆಲದ ಎತ್ತರ ಹೇಳುವ, ಪುಕ್ಕಟೆ ಸಿಗುವ ರೇಡಾರ್ ದತ್ತಾಂಶ ಹಾಕಿಯೂ ನೋಡಿದೆ. ಸಮತಟ್ಟಾದ ನಮ್ಮ ಬೀದಿಯಲ್ಲಿ ಮನೆಗಳು ಮೂರು–ನಾಲ್ಕು ಮೀಟರ್ ಮೇಲೆ ಕೆಳಗೆ ಕುಣಿಯತೊಡಗಿದವು. ಕಾರಣ ಇದೆ. ಈ ಬಗೆಯ ಉಪಗ್ರಹ ರೇಡಾರು ನೋಡುವುದು ಬರೀ ನೆಲವನ್ನಲ್ಲ, ಮರ ಮತ್ತು ಚಾವಣಿಗಳನ್ನೂ ಸೇರಿಸಿ. ಒತ್ತಾಗಿ ಮನೆಗಳಿರುವ ಕಡೆ ಅದರ 'ನೆಲ'ದಲ್ಲೇ ಅರ್ಧ ಮನೆ ಸೇರಿಕೊಂಡಿರುತ್ತದೆ. ಅದರ ಮೇಲೆ ಮತ್ತೆ ಮನೆ ಎತ್ತಿದರೆ ಎರಡು ಸಲ ಎಣಿಸಿದ ಹಾಗೆ.

ಅದನ್ನು ತೆಗೆದು ಹಾಕಿ, ನೆಲವನ್ನು ಸಮವಾಗೇ ಇಟ್ಟೆ. ದೊಡ್ಡಪ್ಪನ ಮನೆಗೂ ಎದುರು ಸೈಟಿಗೂ ನಡುವೆ ಮೇಸ್ತ್ರಿಯವರ ನೀರಿನ ಟ್ಯೂಬು ಹಿಡಿದು ಮಟ್ಟ ನೋಡಿದೆವು. ಸೈಟು ಒಂದು ಗೇಣು ತಗ್ಗು, ಸುಮಾರು 20 ಸೆಂಟಿಮೀಟರ್. ಉತ್ತರ ಬದಲಾಗಲಿಲ್ಲ.

ಅರಮನೆಯ ನೆಲ? ಅದು ನಮ್ಮ ಬೀದಿಗಿಂತ 5 ಮೀಟರ್ ತಗ್ಗು ಎಂದೇ ಇಟ್ಟುಕೊಳ್ಳಿ. 25 ಮೀಟರಿನಲ್ಲಿ ಗೆರೆ ಇಳಿಯುವುದು ಬರೀ 16 ಸೆಂಟಿಮೀಟರ್, ಏಕೆಂದರೆ 25 ಎಂಬುದು 800ರ 32ನೇ ಒಂದು ಭಾಗ. ದೂರದ ತಪ್ಪು ಹೀಗೆ ಕರಗಿ ಹೋಗುತ್ತದೆ, ಹತ್ತಿರದ ತಪ್ಪು ಪೂರ್ತಿ ತಲೆ ಮೇಲೆ ಬೀಳುತ್ತದೆ. ಇದು ಮೊದಲೇ ಹೊಳೆದಿದ್ದರೆ ಅಷ್ಟೂ ಮನೆಗಳಿಗೆ ಎತ್ತರ ತುಂಬಿಸುತ್ತಾ ಕೂರುತ್ತಿರಲಿಲ್ಲ. 400 ಮೀಟರ್ ದೂರದಲ್ಲಿ ಗೆರೆ 26 ಮೀಟರ್ ಮೇಲಿರುತ್ತದೆ. ಆ ದಾರಿಯಲ್ಲಿ ಅಷ್ಟು ಎತ್ತರದ ಮನೆ ಒಂದೂ ಇಲ್ಲ. ಟೇಪು ಹಿಡಿಯಬೇಕಾಗಿದ್ದು ಮೊದಲ ನೂರು ಮೀಟರಿನ ಹತ್ತಾರು ಮನೆಗಳಿಗೆ ಮಾತ್ರ.

ಮೂಲೆ

ಕಾಣುವುದಿಲ್ಲ ಎಂದು ಹೇಳಲು ಹೋದೆ. ದೊಡ್ಡಪ್ಪ ಲ್ಯಾಪ್‌ಟಾಪನ್ನೇ ತಮ್ಮ ಕಡೆ ತಿರುಗಿಸಿಕೊಂಡರು. ಬಾಣದ ಕೀಲಿ ಒತ್ತುತ್ತಾ ತಾರಸಿಯ ಮೇಲೆ ಆಚೆ ಈಚೆ ನಡೆದಾಡಿದರು. ಬಲಗಡೆಯ ಮೂಲೆಗೆ ಹೋದಾಗ ಹೊಸ ಮನೆಯ ಪಕ್ಕದಿಂದ ಗೋಪುರ ಇಣುಕಿತು. "ಇಲ್ಲಿ ಕಾಣ್ತಿದೆಯಲ್ಲೋ!"

ಹೌದು. ನಾನು ಎತ್ತರದ ಹಿಂದೆ ಬಿದ್ದು ಅಗಲವನ್ನು ಮರೆತಿದ್ದೆ. ಹೊಸ ಮನೆ 24 ಅಡಿ ಅಗಲ, 7.3 ಮೀಟರ್. ಆಚೆ ಪಕ್ಕದ್ದು ಗಿಡ್ಡ ಹೆಂಚಿನ ಮನೆ. ತಾರಸಿಯ ನಡುವಿನಿಂದ ನೋಡುವ ಗೆರೆ ಹೊಸ ಮನೆಯ ನಡುವಿಗೇ ಬಡಿಯುತ್ತದೆ. ಗೆರೆ ಅದರ ಅಂಚು ದಾಟಬೇಕಾದರೆ 3.65 ಮೀಟರ್ ಸರಿಯಬೇಕು. ತಾರಸಿಯ ನಡುವಿನಿಂದ ಮೂಲೆಗೆ 4 ಮೀಟರ್. ಅಷ್ಟು ಸರಿದರೆ 25 ಮೀಟರ್ ದೂರದಲ್ಲಿ ಗೆರೆ 3.88 ಸರಿಯುತ್ತದೆ. ಉಳಿಯುವುದು 23 ಸೆಂಟಿಮೀಟರ್, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ.

ಈಗ ಹೊಸ ತಲೆನೋವು. ನಕ್ಷೆಯ ಹೊರಗೆರೆಗಳನ್ನು ಉಪಗ್ರಹ ಚಿತ್ರದ ಮೇಲೆ ಕೂತು ಬಿಡಿಸಿರುತ್ತಾರೆ. ಚಿತ್ರವೇ ಒಂದೆರಡು ಮೀಟರ್ ಜರುಗಿರಬಹುದು. ಓರೆಯಾಗಿ ತೆಗೆದದ್ದಾದರೆ ಚಾವಣಿ ಬುಡಕ್ಕಿಂತ ಪಕ್ಕಕ್ಕೆ ಕಾಣುತ್ತದೆ, ಬಿಡಿಸುವವರು ಚಾವಣಿಯನ್ನೇ ಹಿಡಿದು ಬಿಡಿಸುತ್ತಾರೆ. ಗೋಡೆಗೆ ಗೋಡೆ ಅಂಟಿದ ಮನೆಗಳು ಎಷ್ಟೋ ಕಡೆ ಒಂದೇ ಮುದ್ದೆ. ಎತ್ತರದ ಪ್ರಶ್ನೆಯಲ್ಲಿ ಇದ್ಯಾವುದೂ ಕಾಡಿರಲಿಲ್ಲ. 23 ಸೆಂಟಿಮೀಟರಿನ ಮುಂದೆ ಎರಡು ಮೀಟರ್ ಜರುಗಿದರೆ ಮಾಡೆಲ್ಲಿಗೆ ಅರ್ಥವೇ ಇಲ್ಲ.

ಅದಕ್ಕೆ ನಕ್ಷೆ ಬಿಟ್ಟು ದಾರ ಹಿಡಿದೆವು. ಸೈಟಿನವರು ಪಾಯದ ಗುರುತಿಗೆ ಸುಣ್ಣದ ಗೆರೆ ಹಾಕಿಸಿದ್ದರು. ಅವರೇ ಬಂದು ಆ ಅಂಚಿನಲ್ಲಿ ಉದ್ದದ ಬಿದಿರು ನೆಟ್ಟು ನಿಲ್ಲಿಸಿದರು. ಒಳ್ಳೆಯ ಜನ. ದೊಡ್ಡಪ್ಪ ಮೂಲೆಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದರು. ಗೋಪುರ ಬಿದಿರಿನ ಬಲಕ್ಕೆ ಪೂರ್ತಿ ಇತ್ತು, ಬಿದಿರಿಗೆ ತಗಲುವಷ್ಟು ಹತ್ತಿರ.

ಹೆಡ್‌ರೂಮು ಎಲ್ಲಿ ಬರುತ್ತದೆ ಎಂದು ಕೇಳಿದೆ. ಎಡಕ್ಕೆ ಎಂದರು. ಸದ್ಯ.

ಈಗ ಆ ಮನೆಗೆ ಮೊದಲ ಸ್ಲ್ಯಾಬು ಬಿದ್ದಿದೆ. ದೊಡ್ಡಪ್ಪ ಹಳೆಯ ಬೆತ್ತದ ಕುರ್ಚಿಯನ್ನು ಆಗಲೇ ಮೂಲೆಗೆ ಸೇರಿಸಿದ್ದಾರೆ. ಮೊನ್ನೆ ಮತ್ತೆ ಫೋನು: "ನಿಂತ್ಕೊಂಡು ಲೆಕ್ಕ ಹಾಕಿದ್ದೀಯಲ್ಲ, ಕೂತ್ಕೊಂಡ್ರೆ ಎಷ್ಟು ಹೋಗುತ್ತೆ?" ಕೂತರೆ ಕಣ್ಣು 40 ಸೆಂಟಿಮೀಟರ್ ಕೆಳಗೆ. 60 ಮೀಟರ್ ದೂರದ ಆ ಹಳೆ ಮನೆಯ ಪ್ಯಾರಾಪೆಟ್ಟು ಗೋಪುರದಲ್ಲಿ ಇನ್ನೂ 5 ಮೀಟರ್ ಮುಚ್ಚುತ್ತದೆ ಎಂದೆ. ಗುಮ್ಮಟ ಉಳಿಯುತ್ತಾ ಎಂದು ಕೇಳಿದರು. ಮೇಲಿನ ಹತ್ತು ಮೀಟರ್ ಉಳಿಯುತ್ತೆ ಎಂದೆ. "ಹಾಗಾದ್ರೆ ಕುರ್ಚಿ ಕಾಲಿಗೆ ಇಟ್ಟಿಗೆ ಕೊಟ್ಕೋತೀನಿ ಬಿಡು" ಎಂದು ಇಟ್ಟರು.